ಅಯ್ಯೋ, ಊಪ್ಸ್, ವಾವ್, ಅಲಾಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆಯ ಮಾತನ್ನು ಇಂಗ್ಲಿಷಿಗೆ ತರುವವರು, ಸಿನಿಮಾಕ್ಕೆ ಅಡಿಬರಹ ಬರೆಯುವವರು, ಕಥೆಯ ಸಂಭಾಷಣೆ ತಿದ್ದುವವರು, ಹೊರಗಿನವರಿಗೆ ಕನ್ನಡ ಕಲಿಸುವವರು ನಮ್ಮನ್ನು ಹೆಚ್ಚಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಭಾವಸೂಚಕ ಅವ್ಯಯಗಳ ಪಟ್ಟಿ ಎಲ್ಲ ವ್ಯಾಕರಣ ಪುಸ್ತಕಗಳಲ್ಲೂ ಸಿಗುತ್ತದೆ. ಆದರೆ ತೊಡಕೆಲ್ಲ ಬರುವುದು ಮುಖ್ಯವಾಗಿ ಒಂದೇ ಮಾತಿನಲ್ಲಿ. ಅದಕ್ಕೇ ಇಲ್ಲಿ 'ಅಯ್ಯೋ'ಗೆ ಹೆಚ್ಚು ಜಾಗ ಕೊಟ್ಟಿದ್ದೇವೆ.

'ಅಯ್ಯೋ' ಅಂದರೆ ದುಃಖ ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಅದು ಸರಿಯೇ?

ಅರ್ಧ ಸರಿ. ಮಂಡ್ಯದ ಒಂದು ಮನೆಯ ಬಾಗಿಲಲ್ಲಿ ಅರ್ಧ ದಿನ ಕೂತು ಕೇಳಿಸಿಕೊಂಡರೆ ದುಃಖದ ಅಯ್ಯೋಗಿಂತ ಬೇರೆ ಅಯ್ಯೋಗಳೇ ಹೆಚ್ಚಾಗಿ ಕಿವಿಗೆ ಬೀಳುತ್ತವೆ. "ಅಯ್ಯೋ, ಬನ್ನಿ ಒಳಕ್ಕೆ, ಯಾಕ್ ಅಲ್ಲೇ ನಿಂತ್ಬುಟ್ರಿ" ಅನ್ನುವಾಗ ಯಾರಿಗೂ ದುಃಖವಿಲ್ಲ. "ಅಯ್ಯೋ ಬಿಡಿ, ಅದೇನ್ ಮಹಾ" ಅನ್ನುವವರು ಎದುರಿನವರ ಸಂಕೋಚ ಕಳೆಯುತ್ತಿದ್ದಾರೆ. "ಅಯ್ಯೋ, ಹಾಲು ಒಲೆ ಮೇಲೇ ಬಿಟ್ಬಂದೆ" ಅನ್ನುವಲ್ಲಿ ಇರುವುದು ತಟ್ಟನೆ ಬಂದ ನೆನಪು.

ಇವೆಲ್ಲಕ್ಕೂ ಹೊಂದುವ ಒಂದು ಅರ್ಥ ಹೇಳಲೇಬೇಕಾದರೆ ಹೀಗೆ ಹೇಳಬಹುದು: 'ಇದು ಹೀಗಿರಬಾರದಿತ್ತು, ಅದು ನನ್ನನ್ನು ತಟ್ಟಿದೆ.' ನೆಂಟರು ಹೊರಗೆ ನಿಂತಿರಬಾರದಿತ್ತು, ನೀವು ಇಷ್ಟು ಸಂಕೋಚ ಪಡಬಾರದಿತ್ತು, ಹಾಲು ಒಲೆಯ ಮೇಲೆ ಉಳಿಯಬಾರದಿತ್ತು. ಸಾವಿನ ಸುದ್ದಿ ಕೇಳಿದಾಗ ಬರುವ ಅಯ್ಯೋ ಕೂಡ ಇದೇ ಸಾಲಿನದು. ಅದರ ತೂಕ ಮಾತ್ರ ಬೇರೆ.

'ಅಯ್ಯೋ ಅನ್ನೋರು ಗತಿಯಿಲ್ಲ' ಎಂಬ ಮಾತಿನಲ್ಲಿ ಇದೇ ಪದ 'ಅನ್ನು' ಜೊತೆ ಸೇರಿ 'ಮರುಕ ತೋರು' ಎಂಬ ಕ್ರಿಯಾಪದದ ಕೆಲಸ ಮಾಡುತ್ತದೆ. ಉದ್ಗಾರವೊಂದು ಈ ಮಟ್ಟಿಗೆ ಮಾತಿನೊಳಗೆ ಬೇರೂರುವುದು ಸಾಮಾನ್ಯ ಸಂಗತಿಯಲ್ಲ.

ಹಾಗಾದರೆ ಯಾವ ಅಯ್ಯೋ ಯಾವುದು ಅಂತ ಗುರುತಿಸುವುದು ಹೇಗೆ?

ಮೂರು ಕಡೆ ನೋಡಬೇಕು: ಅದರ ಬಾಲ, ಅದರ ಉದ್ದ, ಅದನ್ನು ತೆಗೆದರೆ ಉಳಿಯುವ ವಾಕ್ಯ.

ಬಾಲವನ್ನು ಮೊದಲು ನೋಡಿ, ಯಾಕೆಂದರೆ ಬರಹದಲ್ಲಿ ಮೊದಲು ಕಣ್ಣಿಗೆ ಬೀಳುವುದು ಅದೇ. 'ಅಯ್ಯೋ ಪಾಪ' ಎಂಬುದು ಯಾವಾಗಲೂ ಇನ್ನೊಬ್ಬರ ಮೇಲಿನ ಮರುಕ. ತನ್ನ ಬಗ್ಗೆಯೇ ಯಾರೂ ಮನಸಾರೆ 'ಅಯ್ಯೋ ಪಾಪ' ಅನ್ನುವುದಿಲ್ಲ. ಸಾಮಾನ್ಯವಾಗಿ ಅದು ಎದುರಿಗಿಲ್ಲದವರ ಬಗ್ಗೆ, ಇಲ್ಲವೇ ಮಕ್ಕಳು, ದನಕರುಗಳ ಬಗ್ಗೆ ಬರುತ್ತದೆ. ಸಾವಿನ ಮನೆಗೆ ಹೋಗಿ ದುಃಖದಲ್ಲಿರುವವರ ಮುಖ ನೋಡಿಕೊಂಡು ಹಾಗೆ ಅಂದರೆ ಅವರನ್ನು ಕೆಳಗಿಟ್ಟು ನೋಡಿದಂತಾಗುತ್ತದೆ. ಅಲ್ಲಿ 'ಅಯ್ಯೋ, ಹಿಂಗಾಗ್ಬಾರ್ದಿತ್ತು' ಅನ್ನುತ್ತಾರೆ. 'ಅಯ್ಯೋ ಬಿಡಿ', 'ಅಯ್ಯೋ ಬನ್ನಿ', 'ಅಯ್ಯೋ ತಗೊಳ್ಳಿ' ಎಂದು ವಿಧಿರೂಪದ ಕ್ರಿಯಾಪದ ಹಿಂದೆಯೇ ಬಂದರೆ ಅದು ಉಪಚಾರ. 'ಅಯ್ಯೋ ಶಿವ್ನೇ', 'ಅಯ್ಯೋ ರಾಮ', 'ಅಯ್ಯೋ ದೇವ್ರೇ' ಅಂದರೆ ಕೈಮೀರಿದ ಸಂಗತಿ. 'ಅಯ್ಯೋ ನಿನ್ನ…' ಅಂತ ಅರ್ಧಕ್ಕೆ ನಿಂತರೆ ಬೈಗುಳವೊಂದು ಗಂಟಲಲ್ಲೇ ಉಳಿಯಿತು ಅಂತ ಅರ್ಥ. ಅದು ಮಂಡ್ಯ ಸೀಮೆಯಲ್ಲಿ ಅಕ್ಕರೆಯ ಮಾತೂ ಆಗಿರಬಹುದು.

ಇನ್ನು ಉದ್ದ. ನೆನಪಾದಾಗ ಬರುವ ಅಯ್ಯೋ ಚಿಕ್ಕದು. ಅದರ 'ಯೋ' ಬಾಯಿಂದ ಹೊರಬೀಳುವಷ್ಟರಲ್ಲಿ ಮುಂದಿನ ಪದ ಬಂದಿರುತ್ತದೆ. ದುಃಖದ ಅಯ್ಯೋದಲ್ಲಿ 'ಯೋ' ಎಳೆದುಕೊಂಡು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ನಮ್ಮ ವ್ಯಾಕರಣದ ಲೆಕ್ಕದಲ್ಲಿ ಅದು ಪ್ಲುತ, ಅಂದರೆ ಮೂರು ಮಾತ್ರೆ ಅಥವಾ ಅದಕ್ಕೂ ಮೀರಿದ ಸ್ವರ. ಆಕ್ಷೇಪಣೆಯ ಅಯ್ಯೋದಲ್ಲಿ ದನಿ ಇಳಿಯದೆ ಕೊನೆಯಲ್ಲಿ ಮೇಲೇರುತ್ತದೆ: "ಅಯ್ಯೋ! ನಾನ್ಯಾವಾಗ್ ಹಂಗಂದೆ?" ಗಾಬರಿಯಾದಾಗ ಮೊದಲ ಭಾಗ ಎರಡು ಸಲ ಬರುತ್ತದೆ, 'ಅಯ್ಯಯ್ಯೋ'. ಮಗು ಮೆಟ್ಟಿಲ ಅಂಚಿಗೆ ಬಂದಾಗ ಬಾಯಿಂದ ಹೊರಡುವುದು ಇದೇ ಹೊರತು ಬರೀ ಅಯ್ಯೋ ಅಲ್ಲ.

ಮೂರನೆಯದು ಎಲ್ಲಕ್ಕಿಂತ ಉಪಯೋಗದ ಪರೀಕ್ಷೆ. ಅಯ್ಯೋ ತೆಗೆದು ಅದೇ ಜಾಗದಲ್ಲಿ 'ಛೇ' ಇಟ್ಟು ನೋಡಿ. ಒಗ್ಗಿದರೆ ಅದು ಬೇಸರ ಅಥವಾ ಪಶ್ಚಾತ್ತಾಪ. 'ಅಬ್ಬಾ' ಒಗ್ಗಿದರೆ ಪ್ರಮಾಣ ಕಂಡು ಬಂದ ಬೆರಗು. ಎರಡೂ ಒಗ್ಗದೆ, ಅಯ್ಯೋವನ್ನು ತೆಗೆದ ಕೂಡಲೇ ಮಾತು ಗಡುಸಾಗಿ ಕೇಳಿಸಿದರೆ ಅದು ಉಪಚಾರದ್ದು. 'ಅಯ್ಯೋ, ಕೂತ್ಕೊಳ್ಳಿ' ಎಂಬುದಕ್ಕೂ ಬರೀ 'ಕೂತ್ಕೊಳ್ಳಿ' ಎಂಬುದಕ್ಕೂ ಇರುವ ಅಂತರ ಮನೆಯ ಉಪಚಾರಕ್ಕೂ ಕಚೇರಿಯ ಅಪ್ಪಣೆಗೂ ಇರುವ ಅಂತರ.

ಇಂಗ್ಲಿಷಿನ 'ಅಲಾಸ್' ಅಂದರೆ ಅಯ್ಯೋ ಅಂತ ನಿಘಂಟು ಹೇಳುತ್ತದೆ. ಹಾಗೇ ಬಳಸಬಹುದೇ?

ಬಳಸಬೇಡಿ, ಯಾವ ದಿಕ್ಕಿನಲ್ಲೂ. ಅಲಾಸ್ ಇಂಗ್ಲಿಷಿಗೆ ಹಳೆಯ ಫ್ರೆಂಚಿನಿಂದ ಬಂದದ್ದು. ಅದರ 'ಲಾಸ್' ಭಾಗದ ಮೂಲ 'ದಣಿದ' ಎಂಬ ಅರ್ಥದ ಲ್ಯಾಟಿನ್ ಪದ. ಇಂದಿನ ಇಂಗ್ಲಿಷಿನಲ್ಲಿ ಯಾರೂ ಪೆಟ್ಟು ಬಿದ್ದಾಗ, ಸಾವು ಕೇಳಿದಾಗ ಅಲಾಸ್ ಅನ್ನುವುದಿಲ್ಲ. ಅದು ಬರಹದಲ್ಲಿ ಉಳಿದಿದೆ, ಅಲ್ಲೂ ಹೆಚ್ಚಾಗಿ ಹಗುರವಾಗಿ: 'ಹೋಗಬೇಕಂತಿದ್ದೆ, ಅಲಾಸ್, ಟಿಕೆಟ್ ಮುಗಿದಿತ್ತು.' ಇದನ್ನು ಕನ್ನಡಕ್ಕೆ ತರುವಾಗ 'ಅಯ್ಯೋ, ಟಿಕೆಟ್ ಮುಗಿದಿತ್ತು' ಅಂದರೆ ತೂಕ ಹೆಚ್ಚಾಗುತ್ತದೆ. 'ಏನ್ ಮಾಡೋದು, ಟಿಕೆಟ್ ಮುಗ್ದೋಗಿತ್ತು' ಅಂದರೆ ಸಮ.

ನಮ್ಮಲ್ಲಿ ಅಲಾಸ್‌ಗೆ ಸರಿಯಾದ ಜೋಡಿ 'ಅಕಟಾ'. ಎರಡೂ ಒಂದು ಕಾಲದಲ್ಲಿ ನಿಜವಾದ ನರಳಾಟದ ಮಾತುಗಳು, ಎರಡೂ ಈಗ ಕಾವ್ಯದಲ್ಲಿ ಮಾತ್ರ ಮರ್ಯಾದೆ ಉಳಿಸಿಕೊಂಡಿವೆ. ಗಮಕದಲ್ಲಿ 'ಅಕಟಕಟಾ' ಕೇಳಿದರೆ ಎದೆ ಕರಗುತ್ತದೆ. ಅದೇ ಮಾತನ್ನು ಬಸ್‌ಸ್ಟ್ಯಾಂಡಿನಲ್ಲಿ ಅಂದರೆ ಜನ ನಾಟಕದ ಮಾತು ಅಂದುಕೊಳ್ಳುತ್ತಾರೆ. ಹಳೆಯ ಇಂಗ್ಲಿಷ್ ನಾಟಕವೊಂದನ್ನು ಕನ್ನಡಕ್ಕೆ ತರುತ್ತಿದ್ದರೆ ಅಕಟಾ ಬಳಸಿ. ಇವತ್ತಿನ ಕಾದಂಬರಿಗೆ ಬೇಡ.

'ಊಪ್ಸ್'ಗೆ ಕನ್ನಡದಲ್ಲಿ ಏನನ್ನಬೇಕು?

ಒಂದೇ ಪದ ಹುಡುಕಿದರೆ ಸಿಗುವುದಿಲ್ಲ, ಯಾಕೆಂದರೆ ಊಪ್ಸ್ ಬಹಳ ಕಿರಿದಾದ ಜಾಗದಲ್ಲಿ ಕೆಲಸ ಮಾಡುತ್ತದೆ. ತಪ್ಪು ಚಿಕ್ಕದಾಗಿರಬೇಕು, ಅದು ಉದ್ದೇಶವಿಲ್ಲದೆ ಆಗಿರಬೇಕು, ಸಾಮಾನ್ಯವಾಗಿ ಅಂದವರದೇ ಆಗಿರಬೇಕು. ಜೊತೆಗೆ ಪಕ್ಕದಲ್ಲಿರುವವರಿಗೆ 'ನನಗೂ ಗೊತ್ತಾಯಿತು, ಗಾಬರಿ ಬೇಡ' ಎಂಬ ಸೂಚನೆಯೂ ಅದರಲ್ಲಿದೆ. ದೊಡ್ಡ ಅನಾಹುತಕ್ಕೆ ಊಪ್ಸ್ ಅಂದರೆ ಕ್ರೌರ್ಯವಾಗುತ್ತದೆ. ಕಾರು ಗುದ್ದಿ ಒಬ್ಬರ ಕಾಲು ಮುರಿದಾಗ ಅದನ್ನು ಅನ್ನಲಾಗದು.

ಅಯ್ಯೋಗೆ ಈ ಎಲ್ಲೆ ಯಾವುದೂ ಇಲ್ಲ. ಸಣ್ಣದಕ್ಕೂ ದೊಡ್ಡದಕ್ಕೂ ಬರುತ್ತದೆ, ನನ್ನ ತಪ್ಪಿಗೂ ನಿಮ್ಮ ತಪ್ಪಿಗೂ ಬರುತ್ತದೆ. ಹಾಗಾಗಿ ಊಪ್ಸ್ ಅನ್ನು ಕನ್ನಡಕ್ಕೆ ತರುವಾಗ ಅಯ್ಯೋ ಜೊತೆಗೆ ಕ್ರಿಯಾಪದದ ಬಾಲವನ್ನೂ ಕೊಡಬೇಕು. ಕನ್ನಡದಲ್ಲಿ 'ಬಿಡು', 'ಹೋಗು' ಎಂಬ ಸಹಾಯಕ ಕ್ರಿಯೆಗಳು ಆ 'ಉದ್ದೇಶವಿಲ್ಲದೆ' ಎಂಬ ಭಾಗವನ್ನು ಹೊರುತ್ತವೆ. ಕಾಫಿ ಚೆಲ್ಲಿದಾಗ 'ಅಯ್ಯೋ, ಚೆಲ್ಲೋಯ್ತು', ಮರೆತಾಗ 'ಅಯ್ಯೋ, ಮರ್ತೇಬಿಟ್ಟೆ'. 'ಅಯ್ಯೋ, ಚೆಲ್ಲಿದೆ' ಅಂದರೆ ವ್ಯಾಕರಣ ಸರಿ, ಆದರೆ ಕೈಜಾರಿದ್ದು ಎಂಬ ಸೂಚನೆ ಹೋಗಿ ತಪ್ಪೊಪ್ಪಿಗೆಯಂತೆ ಕೇಳಿಸುತ್ತದೆ.

ಮೈಸೂರಿನ ಕಾಲೇಜು ಹುಡುಗರು ಈಗ ಕನ್ನಡದ ನಡುವೆಯೇ ಊಪ್ಸ್ ಅನ್ನುತ್ತಾರೆ. ಅಂಥ ಪಾತ್ರ ಬರೆಯುತ್ತಿದ್ದರೆ ಊಪ್ಸ್ ಅಂತಲೇ ಬರೆಯಿರಿ. ಅದನ್ನು 'ಶುದ್ಧ' ಮಾಡಹೊರಟರೆ ಪಾತ್ರದ ವಯಸ್ಸು ಕೆಡುತ್ತದೆ.

'ವಾವ್'ಗೆ ನಮ್ಮಲ್ಲಿ ಏನಿದೆ?

ನಮ್ಮಲ್ಲಿ ಇದಕ್ಕೆ ಒಂದಕ್ಕಿಂತ ಹೆಚ್ಚು ಮಾತುಗಳಿವೆ, ಯಾವುದನ್ನು ಕಂಡು ಮೆಚ್ಚಿದಿರಿ ಎಂಬುದರ ಮೇಲೆ ಆರಿಸಬೇಕು. ಪ್ರಮಾಣಕ್ಕೆ ಅಬ್ಬಾ, ಅಬ್ಬಬ್ಬಾ: ಕನ್ನಂಬಾಡಿ ಕಟ್ಟೆ ತುಂಬಿ ನೀರು ಧುಮುಕುವುದನ್ನು ಕಂಡಾಗ. ಸವಿಗೆ ಆಹಾ: ಬಿಸಿ ಮೈಸೂರು ಪಾಕಿನ ಮೊದಲ ತುಣುಕಿಗೆ. ಒಬ್ಬರ ಸಾಹಸಕ್ಕೆ, ಜಾಣತನಕ್ಕೆ ಭಲೇ ಅಥವಾ ಶಭಾಶ್. ಶಭಾಶ್ ಪಾರಸಿಯಿಂದ ಬಂದದ್ದು, ಮೂಲದಲ್ಲಿ 'ಸಂತೋಷವಾಗಿರು' ಎಂಬ ಹಾರೈಕೆ. ಅದಕ್ಕೇ ಇರಬೇಕು, ಅದು ಇಂದಿಗೂ ದೊಡ್ಡವರು ಚಿಕ್ಕವರಿಗೆ ಅನ್ನುವ ಮಾತಾಗಿಯೇ ಉಳಿದಿದೆ. ಹಾಡುಗಾರಿಕೆ ಮುಗಿದ ಮೇಲೆ ವಿದ್ವಾಂಸರಿಗೆ 'ಶಭಾಶ್' ಅನ್ನಲು ಅವರಿಗಿಂತ ಹಿರಿಯರಾಗಿರಬೇಕು. ಉಳಿದವರು 'ಆಹಾ' ಅನ್ನಬಹುದು.

ಅಬ್ಬಾದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಅದು ಮೆಚ್ಚುಗೆಯೇ ಆಗಿರಬೇಕಿಲ್ಲ. 'ಅಬ್ಬಾ, ಏನ್ ಬಿಸ್ಲು' ಎಂಬುದನ್ನು ವಾವ್ ಅಂತ ಅನುವಾದಿಸಿದರೆ ಬಿಸಿಲನ್ನು ಹೊಗಳಿದಂತಾಗುತ್ತದೆ. 'ಅಬ್ಬಾ, ಸದ್ಯ' ಅಂದರೆ ಗಂಡಾಂತರ ತಪ್ಪಿದ ನೆಮ್ಮದಿ. ದಣಿದು ಕೂತಾಗ ಇದರದೇ ನೆರೆಯ 'ಉಸ್ಸಪ್ಪಾ' ಬರುತ್ತದೆ.

ಅಯ್ಯೋ ಎಲ್ಲಿಂದ ಬಂತು? ಅಪ್ಪ, ಅಮ್ಮ, ಅಯ್ಯ ಇವಕ್ಕೂ ಉದ್ಗಾರಕ್ಕೂ ಸಂಬಂಧ ಇದೆಯೇ?

ಅಯ್ಯ ಎಂಬ ಹಿರಿಯರ ಪದಕ್ಕೆ ಕರೆಯುವ 'ಓ' ಸೇರಿ ಅಯ್ಯೋ ಆಗಿದೆ ಎಂಬುದು ಸಾಮಾನ್ಯ ವಿವರಣೆ. ಅಮ್ಮಾ, ಅವ್ವಾ, ಅಪ್ಪಾ, ಅಯ್ಯಪ್ಪಾ ಇವೆಲ್ಲ ನೋವಿನಲ್ಲಿ ಬರುವುದನ್ನು ನೋಡಿದರೆ ಅದು ಹೊಂದುತ್ತದೆ. ಪೆಟ್ಟು ಬಿದ್ದಾಗ ಕನ್ನಡಿಗರು ಯಾರನ್ನೋ ಕರೆಯುತ್ತಾರೆ. ಇಂಗ್ಲಿಷಿನವರು 'ಔಚ್' ಅನ್ನುವಾಗ ಯಾರನ್ನೂ ಕರೆಯುವುದಿಲ್ಲ.

ಆದರೆ ಇದು ಪೂರ್ತಿ ಕಥೆಯಲ್ಲ. ನೋವಿನ ಉದ್ಗಾರಗಳಲ್ಲಿ ಬಾಯಿ ಅಗಲ ತೆರೆಯುವ 'ಅ', 'ಅಯ್', 'ಅವ್' ಸ್ವರಗಳು ಲೋಕದ ಹಲವು ಕಡೆಯ ಭಾಷೆಗಳಲ್ಲಿ ನಿರೀಕ್ಷೆಗಿಂತ ಹೆಚ್ಚಾಗಿ ಬರುತ್ತವೆ. 131 ಭಾಷೆಗಳ ಉದ್ಗಾರಗಳನ್ನು ಹೋಲಿಸಿ 2024ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ತೋರಿಸಿತು. ಸಂತೋಷ ಮತ್ತು ಹೇಸಿಗೆಯ ಪದಗಳಲ್ಲಿ ಅಂಥ ಸಾಮ್ಯ ಕಾಣಲಿಲ್ಲ. ಅಂದರೆ ಅಯ್ಯೋದ ಸದ್ದಿಗೆ ನರಳುವ ದೇಹವೂ ಒಂದು ಕಾರಣವಾಗಿರಬಹುದು, ಕರೆಯಿಸಿಕೊಂಡ ಅಯ್ಯನೂ ಒಂದು ಕಾರಣವಾಗಿರಬಹುದು.

ತಮಿಳು, ತೆಲುಗು, ಮಲಯಾಳಂನಲ್ಲೂ ಅಯ್ಯೋ ಇದೆಯಲ್ಲ, ಹಾಗಾದರೆ ಅನುವಾದಿಸುವ ಕಷ್ಟವೇ ಇಲ್ಲವೇ?

ಕಷ್ಟ ಕಡಿಮೆ. ಅಯ್ಯೋಗೆ ಅಯ್ಯೋ ಇಟ್ಟರೆ ಹೆಚ್ಚಿನ ಕಡೆ ನಡೆಯುತ್ತದೆ. ಎಡವುವುದು ನೆರೆಯ ಪದಗಳಲ್ಲಿ. ತಮಿಳಿನ 'ಅಡಡಾ' ಮರುಕಕ್ಕೂ ಮೆಚ್ಚುಗೆಗೂ ಬರುತ್ತದೆ, ಸನ್ನಿವೇಶ ನೋಡಿ 'ಛೇ ಛೇ' ಅಥವಾ 'ಆಹಾ' ಮಾಡಬೇಕು. 'ಅಪ್ಪಾಡಾ' ನಮ್ಮ 'ಅಬ್ಬಾ, ಸದ್ಯ'. ಹಿಂದಿಯಿಂದ ತರುವಾಗ 'ಅರೇ' ತೊಂದರೆ ಕೊಡುತ್ತದೆ: ನಮ್ಮಲ್ಲಿ 'ಅರೆ!' ಹೆಚ್ಚಾಗಿ ಅಚ್ಚರಿಗೆ ನಿಂತಿದೆ, ಅಲ್ಲಿ ಅದು ಕರೆಯುವುದಕ್ಕೆ, ಗದರುವುದಕ್ಕೆ, ಸಮಾಧಾನಕ್ಕೆ ಎಲ್ಲಕ್ಕೂ ಇದೆ. ಹಿಂದಿಯ 'ಅರೇ, ಬೈಠಿಯೇ' ನಮ್ಮ 'ಅಯ್ಯೋ, ಕೂತ್ಕೊಳ್ಳಿ'.

ಒಂದು ಸನ್ನಿವೇಶವನ್ನು ಪೂರ್ತಿ ಬಿಡಿಸಿ ತೋರಿಸುತ್ತೀರಾ?

ಮಂಡ್ಯದ ಹತ್ತಿರದ ಒಂದು ಹಳ್ಳಿ ಮನೆ ಅಂದುಕೊಳ್ಳಿ. ಮೈಸೂರಿನಿಂದ ಬೀಗಿತ್ತಿ ಬಂದಿದ್ದಾರೆ. ಇಂಗ್ಲಿಷ್ ಅಡಿಬರಹ ಬೇಕು.

"ಅಯ್ಯೋ, ಬನ್ನಿ ಬನ್ನಿ, ಬಿಸ್ಲಲ್ಲೇ ನಿಂತಿದ್ದೀರಲ್ಲ!"
"ಅಯ್ಯೋ ಬಿಡಿ, ಈಗ್ತಾನೇ ಬಂದೆ. ಯಜಮಾನ್ರು ಎಲ್ಲಿ?"
"ಗದ್ದೆ ತಾವ್ ಹೋಗವ್ರೆ. ಪಕ್ಕದ್ಮನೆಯವ್ರ ಎತ್ತು ಹಳ್ಳಕ್ ಬಿದ್ದೋಯ್ತಂತೆ."
"ಅಯ್ಯೋ ಪಾಪ!"
"ಅಯ್ಯೋ, ಹಾಲು!"
(ಒಳಗೆ ಓಡಿ, ಉಕ್ಕಿ ಹೋದದ್ದನ್ನು ಕಂಡು) "ಅಯ್ಯೋ ಶಿವ್ನೇ, ಇದ್ದಿದ್ದೇ ಒಂದ್ ಲೀಟ್ರು."

ಐದು ಅಯ್ಯೋ. ಐದನ್ನೂ 'ಓ ನೋ' ಮಾಡಿದ ಅಡಿಬರಹಗಳು ಬೇಕಾದಷ್ಟಿವೆ. ಫಲ ಏನೆಂದರೆ, ಬೀಗಿತ್ತಿ ಬಂದದ್ದೇ ಅನಾಹುತ ಎಂಬಂತೆ ಹೊರಗಿನ ಪ್ರೇಕ್ಷಕರಿಗೆ ಕಾಣುತ್ತದೆ.

ಮೊದಲನೆಯದು ವಿಧಿರೂಪದ ಬಾಲದ ಉಪಚಾರ. ಇಂಗ್ಲಿಷಿನಲ್ಲಿ ಉದ್ಗಾರವನ್ನೇ ಬಿಟ್ಟು 'ಕಮ್ ಇನ್, ಕಮ್ ಇನ್' ಎಂದು ಎರಡು ಸಲ ಹೇಳಿದರೆ ಸಾಕು, ಆ ಪುನರುಕ್ತಿಯೇ ಅಯ್ಯೋದ ಕೆಲಸ ಮಾಡುತ್ತದೆ. ಎರಡನೆಯದು ಸಂಕೋಚ ಕಳೆಯುವುದು, 'ಓ, ಇಟ್ಸ್ ನಥಿಂಗ್'. ಮೂರನೆಯದು 'ಪೂರ್ ಥಿಂಗ್'. ಇಲ್ಲಿಯ ಪಾಪಕ್ಕೂ ಪುಣ್ಯದ ಎದುರಿನ ಪಾಪಕ್ಕೂ ಗಂಟು ಹಾಕಿದ ಅಡಿಬರಹವೂ ಉಂಟು, ಅದು ಶುದ್ಧ ತಪ್ಪು. ನಾಲ್ಕನೆಯದು ತಟ್ಟನೆ ಬಂದ ನೆನಪು. ಇಲ್ಲಿ 'ಓ ನೋ, ದ ಮಿಲ್ಕ್' ಸರಿಯಾಗಿ ಕೂರುತ್ತದೆ. ಅವರು ಇನ್ನೂ ಓಡುತ್ತಿದ್ದಾರೆ, ಫಲ ಗೊತ್ತಿಲ್ಲ, ಹಾಗಾಗಿ ಊಪ್ಸ್ ಬೇಡ. ಐದನೆಯದರಲ್ಲಿ ಶಿವ ಬಂದಿದ್ದಾನೆ. 'ಓ ಗಾಡ್' ನಡೆಯುತ್ತದೆ, ಆದರೆ 'ಓ ಲಾರ್ಡ್ ಶಿವ' ಬೇಡ. ಅವರು ಪ್ರಾರ್ಥಿಸುತ್ತಿಲ್ಲ. ಕೈಮೀರಿತು ಅನ್ನುತ್ತಿದ್ದಾರೆ.

ಅಡಿಬರಹಕ್ಕೆ ಸಾಲಿಗೆ ಸುಮಾರು 40 ಅಕ್ಷರ, ಹೆಚ್ಚೆಂದರೆ ಎರಡು ಸಾಲು ಎಂಬ ಮಿತಿ ಇರುತ್ತದೆ. ಜಾಗ ಸಾಲದಿದ್ದರೆ ಮೊದಲು ಬಿಡಬೇಕಾದದ್ದು ಉಪಚಾರದ ಅಯ್ಯೋ. ನಟಿಯ ದನಿಯಲ್ಲೇ ಅದು ಕೇಳಿಸುತ್ತದೆ. 'ಪಾಪ', 'ಶಿವ್ನೇ' ಎಂಬಂಥ ಬಾಲವಿರುವ ಅಯ್ಯೋಗಳನ್ನು ಬಿಡಬೇಡಿ.

ಇಂಗ್ಲಿಷಿನಲ್ಲಿ ಅಯ್ಯೋವನ್ನು ಹಾಗೇ ಉಳಿಸಬಹುದೇ?

ಕಥೆ, ಕಾದಂಬರಿಯಲ್ಲಿ ಧಾರಾಳವಾಗಿ ಉಳಿಸಬಹುದು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು 2016ರಲ್ಲೇ ಇದನ್ನು ಸೇರಿಸಿಕೊಂಡಿದೆ. ಅಲ್ಲಿ ಎ-ಐ-ವೈ-ಓ ಎಂಬ ಕಾಗುಣಿತ ಇದೆ. ನಮ್ಮ ಕಡೆ ಎ-ವೈ-ವೈ-ಓ ರೂಢಿ, ಮತ್ತು ಒತ್ತು ಕೇಳಿಸಬೇಕಾದರೆ ಅದೇ ಉತ್ತಮ. ಒಂದು ಪುಸ್ತಕದೊಳಗೆ ಎರಡನ್ನೂ ಬೆರೆಸಬೇಡಿ. ಉಳಿಸಿದರೂ ಬಾಲವನ್ನು ಅನುವಾದಿಸಲೇಬೇಕು. ಬರೀ ಅಯ್ಯೋದಿಂದ ಹೊರಗಿನವರಿಗೆ ಭಾವ ತಿಳಿಯುವುದಿಲ್ಲ.

ಮಂಡ್ಯದ ಅಯ್ಯೋಗೂ ಮೈಸೂರಿನ ಅಯ್ಯೋಗೂ ವ್ಯತ್ಯಾಸ ಇದೆಯೇ?

ಅಯ್ಯೋದಲ್ಲಿ ಇಲ್ಲ, ಅದರ ಹಿಂದೆ ಬರುವ ಸಂಬೋಧನೆಯಲ್ಲಿದೆ. ಮಂಡ್ಯದ ಹಳ್ಳಿಗಳಲ್ಲಿ 'ಅಯ್ಯೋ ಕನವ್ವ', 'ಅಯ್ಯೋ ಸುಮ್ಕಿರ್ಲಾ', 'ಅಯ್ಯೋ ಓಗತ್ಲಾಗೆ' ಸಹಜ. ಮೈಸೂರು ಪೇಟೆಯ ಮಾತಿನಲ್ಲಿ 'ಅಯ್ಯೋ ಇಲ್ಲ ಕಣ್ರೀ', 'ಅಯ್ಯೋ ಸುಮ್ನಿರೋ' ಹೆಚ್ಚು. ಕಥೆ ಬರೆಯುವವರು ಎಡವುವುದು ಇಲ್ಲೇ: ಮಂಡ್ಯದ ಪಾತ್ರ ಅಂತ ತೋರಿಸಲು ಸಿಕ್ಕಸಿಕ್ಕ ಕಡೆಯೆಲ್ಲ 'ಲಾ' ಸೇರಿಸುತ್ತಾರೆ. 'ಲಾ' ಗಂಡಸರಿಗೆ, ಹುಡುಗರಿಗೆ, ಅದೂ ಸಲುಗೆಯಿದ್ದವರಿಗೆ ಅಥವಾ ಚಿಕ್ಕವರಿಗೆ ಮಾತ್ರ. ಸೊಸೆಯೊಬ್ಬಳು ಮಾವನಿಗೆ 'ಅಯ್ಯೋ ಬನ್ಲಾ' ಅನ್ನುವ ಸಾಲು ಬರೆದರೆ ಆ ಪುಟವನ್ನು ಮಂಡ್ಯದವರು ಅಲ್ಲಿಗೇ ಮುಚ್ಚುತ್ತಾರೆ.

ಬರೆಯುವಾಗ ಚಿಹ್ನೆ ಎಲ್ಲಿ ಹಾಕಬೇಕು?

ಅಯ್ಯೋ ಒಂಟಿಯಾಗಿ ನಿಂತು ಉಸಿರು ಕಡಿದರೆ ಆಶ್ಚರ್ಯಸೂಚಕ: 'ಅಯ್ಯೋ! ನಾನ್ಯಾವಾಗ್ ಹಂಗಂದೆ?' ಮಾತು ಹರಿದುಕೊಂಡು ಹೋದರೆ ಅಲ್ಪವಿರಾಮ: 'ಅಯ್ಯೋ, ಬನ್ನಿ'. ಬಾಲ ಅಂಟಿಕೊಂಡಿದ್ದರೆ ನಡುವೆ ಏನೂ ಬೇಡ: 'ಅಯ್ಯೋ ಪಾಪ', 'ಅಯ್ಯೋ ಶಿವ್ನೇ'. 'ಅಯ್ಯೋ, ಪಾಪ' ಅಂತ ಒಡೆದರೆ ಎರಡು ಬೇರೆ ಭಾವಗಳಾಗುತ್ತವೆ. ಉದ್ದ ತೋರಿಸಲು 'ಅಯ್ಯೋೋೋ' ಅಂತ ದೀರ್ಘದ ಗುರುತನ್ನು ಪೇರಿಸಿದರೆ ಹಲವು ಅಕ್ಷರಶೈಲಿಗಳಲ್ಲಿ ಚುಕ್ಕಿ ವೃತ್ತಗಳು ಮೂಡುತ್ತವೆ. 'ಅಯ್ಯೋಓಓ' ಅಂತ ಪೂರ್ಣ ಸ್ವರವನ್ನೇ ಬರೆದರೆ ಎಲ್ಲ ಕಡೆ ಸರಿಯಾಗಿ ಕಾಣುತ್ತದೆ.

ಲೊಚಗುಟ್ಟುವುದೂ ಉದ್ಗಾರವೇ?

ಹೌದು. ನಾಲಿಗೆಯನ್ನು ಹಲ್ಲಿನ ಹಿಂದೆ ಒತ್ತಿ ಎಳೆದಾಗ ಬರುವ ಆ ಸದ್ದಿಗೆ ಕನ್ನಡದಲ್ಲಿ ಅಕ್ಷರವಿಲ್ಲ, ಆದ್ದರಿಂದ 'ಲೊಚಗುಟ್ಟಿದರು' ಅಂತ ಕ್ರಿಯಾಪದದಲ್ಲೇ ಬರೆಯುತ್ತೇವೆ. ನಮ್ಮ ಕಡೆ ಅದು ಹೆಚ್ಚಾಗಿ ಮರುಕ, 'ಅಯ್ಯೋ ಪಾಪ'ದ ಮೊದಲೋ ನಂತರವೋ ಬರುತ್ತದೆ. ಇಂಗ್ಲಿಷಿನ ಓದುಗರಿಗೆ ಅದೇ ಸದ್ದು ಹೆಚ್ಚಾಗಿ ಆಕ್ಷೇಪಣೆ, ತಪ್ಪು ಮಾಡಿದವರನ್ನು ನೋಡಿ ಮಾಡುವಂಥದ್ದು. ಹಾಗಾಗಿ 'ಸುದ್ದಿ ಕೇಳಿ ಅಜ್ಜಿ ಲೊಚಗುಟ್ಟಿದರು' ಎಂಬುದನ್ನು ಸದ್ದಿನಿಂದ ಸದ್ದಿಗೆ ಅನುವಾದಿಸಿದರೆ ಅಜ್ಜಿ ಸತ್ತವರನ್ನೇ ಗದರಿಸಿದಂತಾಗುತ್ತದೆ. ಅಲ್ಲಿ ಸದ್ದನ್ನು ಬಿಟ್ಟು 'ಮರುಗಿದರು' ಎಂಬ ಅರ್ಥವನ್ನೇ ಕೊಡಿ.